ಶ್ವೇತಭವನದ ಆ ಇರಾಕ್ ಸಾಲುಗಳು: ರೋಬಾಟ್ಸ್ ಫೈಲ್ ಓದೋದು ಹೇಗೆ?

ಯಾವುದೇ ವೆಬ್‌ಸೈಟ್ ವಿಳಾಸದ ಕೊನೆಗೆ `/robots.txt` ಅಂತ ಸೇರಿಸಿ ಎಂಟರ್ ಒತ್ತಿ. ಹೆಚ್ಚಿನ ಸೈಟುಗಳಲ್ಲಿ ಬಣ್ಣ, ಚಿತ್ರ ಏನೂ ಇಲ್ಲದ ಒಂದು ಪಠ್ಯ ತೆರೆದುಕೊಳ್ಳುತ್ತೆ. ಗೂಗಲ್, ಬಿಂಗ್‌ನಂಥ ಸರ್ಚ್ ಎಂಜಿನ್‌ಗಳ ಕ್ರಾಲರ್‌ಗಳಿಗೆ, ಅಂದರೆ ಪುಟದಿಂದ ಪುಟಕ್ಕೆ ಹೋಗಿ ಓದಿಕೊಂಡು ಬರುವ ಪ್ರೋಗ್ರಾಮ್‌ಗಳಿಗೆ, ಸೈಟಿನ ಮಾಲೀಕರು ಬರೆದಿಟ್ಟ ಚೀಟಿ ಅದು. ಇಲ್ಲಿಗೆ ಬನ್ನಿ, ಅಲ್ಲಿಗೆ ಬರಬೇಡಿ ಅನ್ನೋದಷ್ಟೇ ಅದರಲ್ಲಿರೋದು. ಕ್ರಾಲರ್‌ಗಳಿಗಾಗಿ ಬರೆದದ್ದಾದರೂ ಯಾರು ಬೇಕಾದರೂ ಓದಬಹುದು. ಪತ್ರಕರ್ತರಿಗೆ ಇದರ ಮೇಲೆ ಕಣ್ಣು ಬೀಳೋದೂ ಅದಕ್ಕೇ.

ಸರ್ಕಾರಿ ಸೈಟೊಂದರ ಈ ಫೈಲಿನ ಸ್ಕ್ರೀನ್‌ಶಾಟ್ ಹಾಕಿ "ನೋಡಿ, ಏನನ್ನು ಮುಚ್ಚಿಡ್ತಿದ್ದಾರೆ" ಅಂತ ಬರೆಯೋದು ಸುಲಭ. ಅದು ಸರಿ ಇರಬಹುದು, ಪೂರ್ತಿ ತಪ್ಪೂ ಇರಬಹುದು. ಈ ಎರಡನ್ನು ಬೇರ್ಪಡಿಸೋದು ಹೇಗೆ ಅಂತ ಹೇಳೋಕೆ ನಾನು ಸ್ವಲ್ಪ ಹಳೆಯ ಪ್ರಕರಣವೊಂದನ್ನು ಆರಿಸಿಕೊಂಡಿದ್ದೇನೆ. ಅಕ್ಟೋಬರ್ 2003, ಅಮೆರಿಕದ ಶ್ವೇತಭವನದ ವೆಬ್‌ಸೈಟ್.

ಆ ವರ್ಷ ಮಾರ್ಚ್‌ನಲ್ಲಿ ಇರಾಕ್ ಯುದ್ಧ ಶುರುವಾಗಿತ್ತು. ಮೇ 1ರಂದು ಅಧ್ಯಕ್ಷ ಜಾರ್ಜ್ ಬುಷ್ ವಿಮಾನವಾಹಕ ನೌಕೆಯ ಮೇಲೆ ನಿಂತು, ಇರಾಕ್‌ನಲ್ಲಿ ಪ್ರಮುಖ ಯುದ್ಧ ಕಾರ್ಯಾಚರಣೆ ಮುಗಿಯಿತು ಅಂದರು. ಶ್ವೇತಭವನದ ಸೈಟು ಆ ಭಾಷಣಕ್ಕೆ ಮೊದಲು ಕೊಟ್ಟ ಶೀರ್ಷಿಕೆಯಲ್ಲಿ "ಯುದ್ಧ ಕಾರ್ಯಾಚರಣೆ" ಅಂತ ಮಾತ್ರ ಇತ್ತು. ಆಮೇಲೆ "ಪ್ರಮುಖ" ಅನ್ನೋ ಪದ ಮೆಲ್ಲಗೆ ಸೇರಿಕೊಂಡಿತು. ಸೈಟಿನ ಹಳೆಯ ಪ್ರತಿಗಳನ್ನು ಹೊಸದರ ಪಕ್ಕ ಇಟ್ಟು ನೋಡಿದವರು ಇದನ್ನು ಹಿಡಿದರು. ಅಷ್ಟರಲ್ಲಿ ಇರಾಕ್‌ನಲ್ಲಿ ಸೈನಿಕರು ಸಾಯುತ್ತಲೇ ಇದ್ದರು, ಹಾಗಾಗಿ ಆ ಒಂದು ಪದಕ್ಕೆ ತೂಕ ಬಂದಿತ್ತು. ಇಂಥ ಹೊತ್ತಲ್ಲಿ ಯಾರೋ ಶ್ವೇತಭವನದ ರೋಬಾಟ್ಸ್ ಫೈಲ್ ತೆರೆದು ನೋಡಿದರೆ, ಅದರ ತುಂಬ ಈ ಬಗೆಯ ಸಾಲುಗಳು:

```
User-agent: *
Disallow: /911/911day/iraq
Disallow: /911/911day/text
Disallow: /911/heroes/iraq
Disallow: /911/heroes/text
```

ಇಂಥವು ನೂರಾರು. ಇರಾಕ್ ಕುರಿತ ಪುಟಗಳನ್ನು ಗೂಗಲ್‌ನಿಂದ ಮರೆಮಾಡಿ, ಹಳೆಯ ಪ್ರತಿ ಎಲ್ಲೂ ಉಳಿಯದ ಹಾಗೆ ಮಾಡೋ ಸಂಚು ಇದು ಅಂತ ದೊಡ್ಡ ಸದ್ದಾಯಿತು. ಸಿಟ್ಟಿಗೆ ಕಾರಣ ಇತ್ತು. ಆದರೆ ಸಾಲುಗಳನ್ನು ನಿಧಾನಕ್ಕೆ ಓದಿ ನೋಡೋಣ.

ಮೊದಲ ಸಾಲು, ಈ ಸೂಚನೆ ಯಾರಿಗೆ ಅನ್ನೋದು. ನಕ್ಷತ್ರ ಚಿಹ್ನೆ ಅಂದರೆ ಎಲ್ಲ ಕ್ರಾಲರ್‌ಗಳಿಗೂ. `Disallow` ಮುಂದೆ ಇರೋದು ವಿಳಾಸದ ಆರಂಭದ ತುಂಡು. ಸೈಟಿನ ಹೆಸರು ಮುಗಿದ ಮೇಲಿನ ಓರೆಗೆರೆಯಿಂದ ಶುರುವಾಗಿ, ಅಷ್ಟೂ ಅಕ್ಷರ ಹೊಂದಿಕೆಯಾಗುವ ಎಲ್ಲ ವಿಳಾಸಗಳಿಗೂ ಅದು ಅನ್ವಯ. ಮುಖ್ಯವಾದ ಮಾತು ಇಲ್ಲೇ ಇದೆ: ಹೊಂದಿಕೆ ನೋಡೋದು ಆರಂಭದಿಂದ, ನಡುವಿನಿಂದ ಅಲ್ಲ. `/911/heroes/iraq` ಅನ್ನೋ ಸಾಲು ಸೈಟಿನಲ್ಲಿ ಎಲ್ಲೆಲ್ಲಿ ಇರಾಕ್ ಅಂತ ಬಂದಿದೆಯೋ ಅಲ್ಲೆಲ್ಲ ಬಾಗಿಲು ಹಾಕೋದಿಲ್ಲ. ಆ ಒಂದು ಫೋಲ್ಡರ್‌ಗೆ, ಮತ್ತು ಅದೇ ಅಕ್ಷರಗಳಿಂದ ಶುರುವಾಗೋ ವಿಳಾಸಗಳಿಗೆ ಮಾತ್ರ. ಅಕ್ಷರ ದೊಡ್ಡದೋ ಚಿಕ್ಕದೋ ಅನ್ನೋದೂ ಲೆಕ್ಕಕ್ಕೆ ಬರುತ್ತೆ. `/Iraq` ಬೇರೆ, `/iraq` ಬೇರೆ.

ಈಗ ಆ ಮೇ 1ರ ಭಾಷಣವನ್ನೇ ತಗೊಳ್ಳಿ. ಸೈಟಿನಲ್ಲಿ ಅದಕ್ಕೆ ಎರಡು ವಿಳಾಸ ಇತ್ತು:

```
/news/releases/2003/05/20030501-15.html
/news/releases/2003/05/iraq/20030501-15.html
```

ಮೊದಲನೆಯದು ಮಾಮೂಲಿ ಪತ್ರಿಕಾ ಪ್ರಕಟಣೆಗಳ ವಿಭಾಗದ್ದು. ಎರಡನೆಯದು ಅದೇ ಭಾಷಣ, ಇರಾಕ್ ವಿಭಾಗಕ್ಕೆ ಸೇರಿದ ಪ್ರತಿ. ಫೈಲಿನ ಅದೇ ಅಚ್ಚಿನಲ್ಲಿ `/news/releases/2003/05/iraq` ಅಂತ ಒಂದು ಸಾಲು ಬರೆದರೆ ಏನಾಗುತ್ತೆ? ಎರಡನೇ ವಿಳಾಸ ಆ ಅಕ್ಷರಗಳಿಂದಲೇ ಶುರುವಾಗೋದರಿಂದ ಅದಕ್ಕೆ ತಡೆ. ಮೊದಲನೆಯದರಲ್ಲಿ `05/` ಆದ ಮೇಲೆ ಬರೋದು ಅಂಕಿ, ಹಾಗಾಗಿ ಹೊಂದಿಕೆ ಅಲ್ಲೇ ಮುರಿದುಬೀಳುತ್ತೆ. ಕ್ರಾಲರ್ ಅದನ್ನು ಆರಾಮಾಗಿ ಓದಿಕೊಂಡು ಹೋಗುತ್ತೆ. ಅಂದರೆ ಭಾಷಣ ಹುಡುಕಾಟದಲ್ಲಿ ಸಿಗುತ್ತೆ, ಒಂದು ಪ್ರತಿ ಮಾತ್ರ ಸಿಗೋದಿಲ್ಲ.

ಇನ್ನೊಂದು ಸುಳಿವು ಮೇಲಿನ ತುಣುಕಿನಲ್ಲೇ ಇದೆ. ಪ್ರತಿ ಇರಾಕ್ ಸಾಲಿನ ಜತೆಗೆ `text` ಅನ್ನೋ ಜೋಡಿ ಸಾಲು. ಅದು ಚಿತ್ರಗಳಿಲ್ಲದ, ಅಕ್ಷರ ಮಾತ್ರ ಇರುವ ಪ್ರತಿಗಳ ಫೋಲ್ಡರ್. ಹುಡುಕಿದವರಿಗೆ ಒಂದೇ ಪುಟ ಎರಡು ಮೂರು ಸಲ ಕಾಣದಿರಲಿ ಅಂತ ಇಂಥ ನಕಲುಗಳಿಗೆ ತಡೆ ಹಾಕೋದು ಆ ಕಾಲದ ಮಾಮೂಲಿ ಕೆಲಸ. ಶ್ವೇತಭವನ ಕೊಟ್ಟ ವಿವರಣೆಯೂ ಇದೇ ಆಗಿತ್ತು. ಸೈಟಿನ ಫೋಲ್ಡರ್‌ಗಳ ಪಟ್ಟಿಗೆಲ್ಲ ಒಂದೇ ಏಟಿಗೆ ಎರಡು ಬಾಲ ಅಂಟಿಸಿದ ಹಾಗೆ ಕಾಣುವ ಫೈಲ್ ಅದು. ಸೆಪ್ಟೆಂಬರ್ 11ರ ವೀರರ ಪುಟದ ಕೆಳಗೆ ಇರಾಕ್ ಫೋಲ್ಡರ್ ಯಾಕಿರಬೇಕು ಹೇಳಿ? ಕೂತು ಒಂದೊಂದೇ ಗುಟ್ಟನ್ನು ಆರಿಸಿ ಮುಚ್ಚುವವರು ಹೀಗೆ ಬರೆಯೋದಿಲ್ಲ. ಸ್ಕ್ರಿಪ್ಟ್ ಬರೆದು ಮನೆಗೆ ಹೊರಟವರು ಬರೆಯುತ್ತಾರೆ.

ಹಾಗಂತ ಅನುಮಾನಪಟ್ಟವರು ದಡ್ಡರಲ್ಲ. ಉದ್ದೇಶ ಏನೇ ಇರಲಿ, ಪರಿಣಾಮ ಬೇರೆಯೇ. ಸೈಟುಗಳ ಹಳೆಯ ಪ್ರತಿ ಇಟ್ಟುಕೊಳ್ಳುವ ಇಂಟರ್ನೆಟ್ ಆರ್ಕೈವ್ ಆಗ ಈ ಫೈಲಿನ ಮಾತು ಕೇಳುತ್ತಿತ್ತು. ಅದೂ ಹೇಗೆ ಅಂದರೆ, ಇವತ್ತು ತಡೆ ಹಾಕಿದರೆ ಮೊದಲೇ ಸಂಗ್ರಹಿಸಿಟ್ಟ ಹಳೆಯ ಪ್ರತಿಗಳನ್ನೂ ಓದುಗರಿಗೆ ತೋರಿಸುತ್ತಿರಲಿಲ್ಲ. ಶೀರ್ಷಿಕೆ ಬದಲಾದದ್ದು ಗೊತ್ತಾಗಿದ್ದೇ ಹಳೆಯ ಪ್ರತಿಗಳಿಂದ. ಒಂದು ಸರ್ಕಾರ ತನ್ನ ಸೈಟಿನ ಯಾವ ಭಾಗಕ್ಕೆ ಬೇಕಾದರೂ ಒಂದು ಸಾಲು ಬರೆದು, ತನ್ನದೇ ಹಿಂದಿನ ಮಾತನ್ನು ಕಾಣೆಯಾಗಿಸಬಹುದಿತ್ತು. ನನ್ನ ಪ್ರಕಾರ ಆ ಗಲಾಟೆಯಲ್ಲಿ ಗಟ್ಟಿಯಾದ ವಾದ ಇದೊಂದೇ. ಸರ್ಕಾರಿ ಹಾಗೂ ಸೇನಾ ಸೈಟುಗಳ ಮಟ್ಟಿಗೆ ಈ ಫೈಲನ್ನು ಲೆಕ್ಕಕ್ಕೆ ತೆಗೆದುಕೊಳ್ಳೋದನ್ನು ನಿಲ್ಲಿಸಿದ್ದೇವೆ ಅಂತ ಆರ್ಕೈವ್ ಹೇಳಿದ್ದು 2017ರಲ್ಲಿ.

ನೀವು ಒಂದು ಫೈಲ್ ತೆರೆದಾಗ ಎಡವುವ ಜಾಗ ಇನ್ನೂ ಕೆಲವಿದೆ. ಒಂದು ಇದು:

```
User-agent: *
Disallow: /reports/

User-agent: Googlebot
Disallow: /search/
```

ಗೂಗಲ್‌ನ ಕ್ರಾಲರ್ `/reports/` ಒಳಗೆ ಹೋಗಬಹುದೇ? ಹೋಗಬಾರದು ಅಂತ ಅನಿಸುತ್ತೆ, "ಎಲ್ಲರಿಗೂ" ತಡೆ ಇದೆಯಲ್ಲ. ಆದರೆ ನಿಯಮ ಹಾಗಿಲ್ಲ. ತನ್ನ ಹೆಸರಿನ ಗುಂಪು ಒಂದಿದ್ದರೆ ಕ್ರಾಲರ್ ಅದನ್ನು ಮಾತ್ರ ಓದುತ್ತೆ, ನಕ್ಷತ್ರದ ಗುಂಪನ್ನು ಬಿಟ್ಟೇಬಿಡುತ್ತೆ. ಹಾಗಾಗಿ ಗೂಗಲ್‌ಗೆ ವರದಿಗಳ ಬಾಗಿಲು ತೆರೆದೇ ಇದೆ. ಇಂಥ ಫೈಲಿನ ಮೇಲಿನ ಎರಡು ಸಾಲಿನ ಸ್ಕ್ರೀನ್‌ಶಾಟ್ ಹಾಕಿ "ವರದಿಗಳನ್ನು ಗೂಗಲ್‌ನಿಂದ ಮುಚ್ಚಿಟ್ಟರು" ಅಂದರೆ ಸುಳ್ಳಾಗುತ್ತೆ. ಒಂದೇ ಗುಂಪಿನೊಳಗೆ `Allow` ಮತ್ತು `Disallow` ಎರಡೂ ಒಂದೇ ವಿಳಾಸಕ್ಕೆ ಹೊಂದಿದರೆ, ಉದ್ದ ಇರೋ ಸಾಲು ಗೆಲ್ಲುತ್ತೆ. ವರ್ಡ್‌ಪ್ರೆಸ್ ಸೈಟುಗಳಲ್ಲಿ `/wp-admin/` ಒಳಗೆ ಬರಬೇಡಿ ಅಂತ ಹೇಳಿ, ಅದರೊಳಗಿನ `/wp-admin/admin-ajax.php` ಒಂದಕ್ಕೆ ಮಾತ್ರ ಬನ್ನಿ ಅಂತ ಇರೋದನ್ನು ನೋಡಬಹುದು. ಅದು ಸಾಫ್ಟ್‌ವೇರ್ ತಾನೇ ಹಾಕಿಕೊಳ್ಳೋದು, ಅದರಲ್ಲಿ ಸುದ್ದಿ ಹುಡುಕಬೇಡಿ.

ಇನ್ನು `Disallow:` ಅಂತ ಬರೆದು ಮುಂದೆ ಖಾಲಿ ಬಿಟ್ಟಿದ್ದರೆ, ಏನೂ ತಡೆ ಇಲ್ಲ ಅಂತ. ಅದೇ ಜಾಗದಲ್ಲಿ ಒಂದೇ ಒಂದು ಓರೆಗೆರೆ ಇದ್ದರೆ ಇಡೀ ಸೈಟಿಗೇ ಬೀಗ. ಒಂದು ಅಕ್ಷರದ ವ್ಯತ್ಯಾಸ! ಸೈಟು ತಯಾರಾಗುತ್ತಿರುವಾಗ ಆ ಓರೆಗೆರೆ ಹಾಕಿ, ಉದ್ಘಾಟನೆಯಾದ ಮೇಲೆ ತೆಗೆಯೋದನ್ನು ಮರೆಯುವುದು ಈ ಕಸುಬಿನವರಿಗೆಲ್ಲ ಗೊತ್ತಿರುವ ಕಥೆ. ಹಾಗಾಗಿ ಇಡೀ ಸೈಟಿಗೆ ತಡೆ ಕಂಡರೆ ಮೊದಲು ಕೇಳಬೇಕಾದ್ದು "ಎಷ್ಟು ದಿನದಿಂದ ಹೀಗಿದೆ" ಅಂತ. ಇಂಟರ್ನೆಟ್ ಆರ್ಕೈವ್‌ನಲ್ಲಿ ಆ ರೋಬಾಟ್ಸ್ ಫೈಲಿನ ವಿಳಾಸವನ್ನೇ ಹಾಕಿ ಹಳೆಯ ಪ್ರತಿಗಳನ್ನು ನೋಡಿ. ಯಾವ ಸಾಲು ಯಾವಾಗ ಸೇರಿತು ಅನ್ನೋದು ಎಷ್ಟೋ ಸಲ ಅಲ್ಲೇ ಸಿಗುತ್ತೆ. ಒಂದು ಹಗರಣದ ವರದಿ ಬಂದ ವಾರವೇ ಆ ವರದಿಯ ಫೋಲ್ಡರ್ ಮೇಲೆ ಸಾಲು ಬಂದಿದ್ದರೆ ಪ್ರಶ್ನೆ ಕೇಳೋಕೆ ಜಾಗ ಇದೆ.

ಫೈಲೇ ಇಲ್ಲದೆ 404 ಬಂದರೆ ಎಲ್ಲಿಗೆ ಬೇಕಾದರೂ ಬನ್ನಿ ಅಂತ ಅರ್ಥ. ಸರ್ವರ್ ಕೆಟ್ಟು 500ರ ಸಾಲಿನ ದೋಷ ಬಂದರೆ ಉಲ್ಟಾ, ಎಲ್ಲೂ ಬರಬೇಡಿ ಅಂತಲೇ ಕ್ರಾಲರ್ ಅಂದುಕೊಳ್ಳಬೇಕು. ಜತೆಗೆ ಪ್ರತಿ ಉಪವಿಳಾಸಕ್ಕೂ ಅದರದೇ ಫೈಲ್. ಮುಖ್ಯ ಸೈಟಿನದು ಓದಿ ಅದರ `data` ಅಥವಾ `archive` ಉಪಸೈಟಿನ ಬಗ್ಗೆ ತೀರ್ಮಾನ ಕೊಡೋ ಹಾಗಿಲ್ಲ.

ಇಷ್ಟೆಲ್ಲ ಓದಿದ ಮೇಲೂ ಈ ಫೈಲ್ ಬೀಗ ಅಲ್ಲ ಅನ್ನೋದು ನೆನಪಿರಲಿ. ಡಚ್ ಎಂಜಿನಿಯರ್ ಮಾರ್ಟೈನ್ ಕೋಸ್ಟರ್ 1994ರಲ್ಲಿ ಇದನ್ನು ಸೂಚಿಸಿದಾಗ ಇದೊಂದು ಸೌಜನ್ಯದ ಒಪ್ಪಂದ. 2022ರಲ್ಲಿ RFC 9309 ಅನ್ನೋ ಅಧಿಕೃತ ಮಾನದಂಡವಾದಾಗಲೂ, ಇದು ಪ್ರವೇಶಕ್ಕೆ ಅನುಮತಿ ಕೊಡುವ ವ್ಯವಸ್ಥೆಯಲ್ಲ ಅಂತ ಅದರಲ್ಲೇ ಬರೆದರು. ತಡೆ ಹಾಕಿದ ಪುಟವನ್ನು ನೀವು ಬ್ರೌಸರ್‌ನಲ್ಲಿ ತೆರೆಯಬಹುದು. ಬೇರೆಯವರು ಅದಕ್ಕೆ ಲಿಂಕ್ ಕೊಟ್ಟಿದ್ದರೆ ಗೂಗಲ್ ಫಲಿತಾಂಶದಲ್ಲೂ ಆ ವಿಳಾಸ ಬರಬಹುದು, ವಿವರಣೆ ಮಾತ್ರ ಇರೋದಿಲ್ಲ. ಫಲಿತಾಂಶದಿಂದಲೇ ತೆಗೆಯಲು ಪುಟದೊಳಗೆ `noindex` ಅಂತ ಬೇರೆ ಗುರುತು ಹಾಕಬೇಕು. ತಮಾಷೆ ಅಂದರೆ, ರೋಬಾಟ್ಸ್ ಫೈಲಿನಲ್ಲಿ ತಡೆದರೆ ಕ್ರಾಲರ್ ಒಳಗೆ ಹೋಗೋದೇ ಇಲ್ಲ, ಆ ಗುರುತು ಅದಕ್ಕೆ ಕಾಣೋದೂ ಇಲ್ಲ. ನಿಜವಾಗಿ ಗುಟ್ಟಾಗಿಡಬೇಕಾದ ಫೋಲ್ಡರ್‌ನ ಹೆಸರನ್ನು ಇಲ್ಲಿ ಬರೆಯೋದು, ಒಡವೆ ಎಲ್ಲಿದೆ ಅಂತ ಬಾಗಿಲ ಮೇಲೆ ಚೀಟಿ ಅಂಟಿಸಿದ ಹಾಗೆ.

ಶ್ವೇತಭವನದ ಕಥೆಗೆ ಇನ್ನೊಂದು ತುಣುಕಿದೆ. ಜನವರಿ 2009ರಲ್ಲಿ ಬರಾಕ್ ಒಬಾಮ ಅಧಿಕಾರಕ್ಕೆ ಬಂದ ದಿನ ಸೈಟೂ ಬದಲಾಯಿತು. ಸುಮಾರು 2400 ಸಾಲಿಗೆ ಬೆಳೆದಿದ್ದ ಆ ಫೈಲ್ ಜಾಗದಲ್ಲಿ ಇಷ್ಟೇ ಉಳಿದಿತ್ತು:

```
User-agent: *
Disallow: /includes/
```

ಪಾರದರ್ಶಕತೆಗೆ ಇದೇ ಸಾಕ್ಷಿ ಅಂತ ಹೊಗಳಿದವರು ತುಂಬ ಜನ. ಆದರೆ ಬುಷ್ ಕಾಲದ ಎಂಟು ವರ್ಷದ ಪುಟಗಳೆಲ್ಲ ಆ ಹೊತ್ತಿಗೆ ಸೈಟಿನಿಂದ ಹೊರಟು ರಾಷ್ಟ್ರೀಯ ದಾಖಲೆ ಸಂಗ್ರಹಾಲಯದ ಪಾಲಾಗಿದ್ದವು. ಹೊಸ ಸೈಟಿನಲ್ಲಿ ನಕಲು ಪ್ರತಿಗಳ ಆ ಫೋಲ್ಡರ್‌ಗಳೇ ಇರಲಿಲ್ಲ, ತಡೆಯೋದಕ್ಕೆ ಏನಿತ್ತು? 2003ರಲ್ಲಿ ಸಾಲು ಎಣಿಸಿ ಬೈದವರಂತೆಯೇ ಇವರೂ ಸಾಲು ಎಣಿಸಿ ಹೊಗಳಿದರು.