ಎರಡು ನ್ಯಾನೊಸೆಕೆಂಡ್ ಐದಾಗುವ ಬಗೆ

ಒಂದು ಲಾಜಿಕ್ ಚಿಪ್ಪಿನ ಸಿಗ್ನಲ್ 2 ನ್ಯಾನೊಸೆಕೆಂಡಿನಲ್ಲಿ ಮೇಲೇರುತ್ತದೆ ಎಂದುಕೊಳ್ಳಿ. 100 ಮೆಗಾಹರ್ಟ್ಸ್ ಆಸಿಲೋಸ್ಕೋಪಿಗೆ ಅಷ್ಟೇ ಬ್ಯಾಂಡ್‌ವಿಡ್ತಿನ ಪ್ರೋಬ್ ಸಿಕ್ಕಿಸಿ ಅಳೆದರೆ ಪರದೆ 5.3 ನ್ಯಾನೊಸೆಕೆಂಡ್ ತೋರಿಸುತ್ತದೆ. ಚಿಪ್ ಸರಿಯಾಗಿಯೇ ಇದೆ. ಅಳೆಯುವ ಸಾಧನಗಳು ತಮ್ಮ ನಿಧಾನವನ್ನೂ ಲೆಕ್ಕಕ್ಕೆ ಸೇರಿಸಿವೆ.

ಸಿಗ್ನಲ್ ತನ್ನ ಎತ್ತರದ ಶೇಕಡಾ 10ರಿಂದ 90ರವರೆಗೆ ಏರಲು ಹಿಡಿಯುವ ಹೊತ್ತೇ ರೈಸ್ ಟೈಮ್. ಸ್ಕೋಪಿಗೂ ಪ್ರೋಬಿಗೂ ತಮ್ಮದೇ ಆದ ರೈಸ್ ಟೈಮ್ ಇರುತ್ತದೆ. ಅದನ್ನು ಅಂದಾಜು ಮಾಡುವ ಹಳೆಯ ಸೂತ್ರ ಇದು:

```
tr = 0.35 / BW
```

100 ಮೆಗಾಹರ್ಟ್ಸ್ ಹಾಕಿದರೆ 3.5 ನ್ಯಾನೊಸೆಕೆಂಡ್ ಬರುತ್ತದೆ. ಇವುಗಳನ್ನು ನೇರವಾಗಿ ಕೂಡುವುದಿಲ್ಲ. ಒಂದೊಂದರ ವರ್ಗ ಕೂಡಿ, ಮೊತ್ತದ ವರ್ಗಮೂಲ ತೆಗೆಯಬೇಕು. ಚಿಪ್ಪಿನ 4, ಸ್ಕೋಪಿನ 12.25, ಪ್ರೋಬಿನ 12.25, ಒಟ್ಟು 28.5. ಅದರ ವರ್ಗಮೂಲ 5.3. ಸ್ಕೋಪಿನಲ್ಲಿ 20 ಮೆಗಾಹರ್ಟ್ಸ್ ಮಿತಿಯ ಆಯ್ಕೆ ಆನ್ ಆಗಿಯೇ ಉಳಿದಿದ್ದರಂತೂ ಸ್ಕೋಪೊಂದೇ 17.5 ನ್ಯಾನೊಸೆಕೆಂಡ್ ಸೇರಿಸುತ್ತದೆ. ಸದ್ದು ಕಡಿಮೆಯಾಗಲೆಂದು ಅದನ್ನು ಒತ್ತಿ ಮರೆತವರು ಕಡಿಮೆಯೇನಲ್ಲ.

ಪ್ರೋಬಿನದು ಇನ್ನೊಂದು ಕಥೆ. 10X ಪ್ರೋಬಿನ ತುದಿಯಲ್ಲಿ 9 ಮೆಗಾಓಮ್ ರೆಸಿಸ್ಟರ್, ಸ್ಕೋಪಿನೊಳಗೆ 1 ಮೆಗಾಓಮ್. ನಿಧಾನವಾದ ಸಿಗ್ನಲನ್ನು ಈ ಎರಡು ಸೇರಿ ಹತ್ತನೇ ಒಂದಕ್ಕೆ ಇಳಿಸುತ್ತವೆ. ವೇಗದ ಸಿಗ್ನಲಿಗೆ ಆ ಕೆಲಸ ಮಾಡುವುದು ಕೆಪಾಸಿಟರುಗಳು: ಕೇಬಲ್ ಮತ್ತು ಸ್ಕೋಪ್ ಸೇರಿ 108 ಪಿಕೊಫ್ಯಾರಡ್ ಇದ್ದರೆ ತುದಿಯಲ್ಲಿ 12 ಇರಬೇಕು. ಈ ಹೊಂದಾಣಿಕೆಯೇ ಕಾಂಪೆನ್ಸೇಶನ್. ಸ್ಕೋಪಿನಿಂದ ಸ್ಕೋಪಿಗೆ ಕೆಪಾಸಿಟೆನ್ಸ್ ಬೇರೆಯಾದ್ದರಿಂದ ಪ್ರೋಬನ್ನು ಬೇರೆ ಸ್ಕೋಪಿಗೆ ಹಾಕಿದಾಗಲೆಲ್ಲ ಟ್ರಿಮ್ಮರ್ ತಿರುಗಿಸಬೇಕು.

ತುದಿಯಲ್ಲಿ 12ರ ಬದಲು 10.2 ಇದ್ದರೆ? ಸಿಗ್ನಲ್ ಸರಕ್ಕನೆ ಶೇಕಡಾ 86ರವರೆಗೆ ಏರಿ, ಉಳಿದುದನ್ನು ತೆವಳುತ್ತಾ ಮುಗಿಸುತ್ತದೆ. 90 ಮುಟ್ಟಲು ಸುಮಾರು 30 ಮೈಕ್ರೊಸೆಕೆಂಡ್ ಬೇಕು. ನ್ಯಾನೊಸೆಕೆಂಡುಗಳ ಏರು ಸಾವಿರಾರು ಪಟ್ಟು ಹಿಗ್ಗಿದಂತೆ. ಮೋಸವೆಂದರೆ, ಪರದೆಯನ್ನು ಕೆಲವೇ ನ್ಯಾನೊಸೆಕೆಂಡುಗಳಿಗೆ ಹಿಗ್ಗಿಸಿ ನೋಡಿದರೆ ಈ ತೆವಳುವಿಕೆ ಕಾಣುವುದೇ ಇಲ್ಲ. ಸ್ಕೋಪ್ ಆ 86ನ್ನೇ ಪೂರ್ಣ ಎತ್ತರವೆಂದು ತಿಳಿಯುತ್ತದೆ. ಆಗ ರೈಸ್ ಟೈಮ್ ಹೆಚ್ಚುಕಡಿಮೆ ಸರಿ, ವೋಲ್ಟೇಜ್ ಮಾತ್ರ ತಪ್ಪು. ಆದ್ದರಿಂದ ಮೊದಲು ಸ್ಕೋಪಿನ ಮುಂಬದಿಯ ಕೊಕ್ಕೆಗೆ ಪ್ರೋಬ್ ಸಿಕ್ಕಿಸಿ 1 ಕಿಲೊಹರ್ಟ್ಸ್ ಚೌಕ ಅಲೆ ನೋಡಬೇಕು. ಮೂಲೆ ದುಂಡಗಿದ್ದರೆ ಕಾಂಪೆನ್ಸೇಶನ್ ಕಡಿಮೆ, ಕೊಂಬು ಮೂಡಿದರೆ ಹೆಚ್ಚು. ತಲೆ ಸಪಾಟಾಗುವವರೆಗೆ ಟ್ರಿಮ್ಮರ್ ತಿರುಗಿಸಬೇಕು.

ಇದೆಲ್ಲ ಸರಿಯಿದ್ದರೂ ಬ್ಯಾಂಡ್‌ವಿಡ್ತಿನ ಮಿತಿ ಹೋಗುವುದಿಲ್ಲ. ವರ್ಗಗಳನ್ನು ಕಳೆದು ಚಿಪ್ಪಿನ 2 ನ್ಯಾನೊಸೆಕೆಂಡನ್ನು ಮರಳಿ ಪಡೆಯಬಹುದಲ್ಲ ಎಂದು ತೋರಬಹುದು. ಆದರೆ ಓದಿದ ಅಂಕಿ 5.1 ಆದರೆ ಉತ್ತರ 1.2, 5.5 ಆದರೆ 2.4. ಪರದೆಯಲ್ಲಿ ಕೂದಲೆಳೆಯ ವ್ಯತ್ಯಾಸಕ್ಕೆ ಉತ್ತರ ಇಮ್ಮಡಿಯಾಗುತ್ತದೆ. ಇಂಥ ಏರನ್ನು ಅಳೆಯಲು 500 ಮೆಗಾಹರ್ಟ್ಸ್ ಸ್ಕೋಪ್ ಮತ್ತು ಪ್ರೋಬ್ ಹುಡುಕುವುದೇ ವಾಸಿ. ಅವುಗಳಲ್ಲಿ ಅದೇ ಚಿಪ್ 2.2 ತೋರಿಸುತ್ತದೆ.