ಬೆಕ್ಕಿನ ಪಂಜಕ್ಕೆ ಸಿಗದ ಕೆಂಪು ಚುಕ್ಕಿ

ಹೊಂಚುವುದು, ಬೆನ್ನಟ್ಟುವುದು, ಎರಗುವುದು, ಹಿಡಿದು ಕಚ್ಚುವುದು: ಬೆಕ್ಕಿನ ಬೇಟೆ ಸಾಗುವುದು ಹೀಗೆ. ಲೇಸರ್ ಚುಕ್ಕಿಯ ಆಟದಲ್ಲಿ ಕೊನೆಯದೇ ಇಲ್ಲ. ಎರಗಿದರೂ ಪಂಜದಡಿ ಏನೂ ಸಿಗುವುದಿಲ್ಲ. ಆಟ ನಿಂತ ಮೇಲೂ ಬೆಕ್ಕು ಗೋಡೆಯನ್ನೇ ಹುಡುಕುತ್ತಿದ್ದರೆ, ನೆರಳು ಕಂಡಲ್ಲೆಲ್ಲ ಹಾರುತ್ತಿದ್ದರೆ, ಲೇಸರ್ ಬಿಟ್ಟುಬಿಡುವುದೇ ಸರಿ.

ಉಳಿದವರು ಕೊನೆಗೆ ಚುಕ್ಕಿಯ ವೇಗ ತಗ್ಗಿಸಿ, ನೆಲದಲ್ಲಿಟ್ಟ ಬಟ್ಟೆಯ ಇಲಿಯ ಮೇಲೆ ತಂದು ನಿಲ್ಲಿಸಿ. ಬೆಕ್ಕು ಎರಗಿದೊಡನೆ ಬೆಳಕು ಆರಿಸಿ. ಅದು ಇಲಿಯನ್ನು ತಬ್ಬಿ, ಹಿಂಗಾಲಿನಿಂದ ಒದ್ದು, ಕಚ್ಚಲಿ. ಆಮೇಲೆ ಒಂದಿಷ್ಟು ತಿನಿಸು ಕೊಡಿ. ಬೆಳಕು ಕಣ್ಣಿಗೆ ಮಾತ್ರ ಬೀಳಬಾರದು.

ನನ್ನ ಮಟ್ಟಿಗೆ ಕೋಲಿಗೆ ಕಟ್ಟಿದ ಗರಿಯೇ ಮೇಲು. ಅದನ್ನು ಬೆಕ್ಕಿನ ಮುಖಕ್ಕೆ ಹಿಡಿಯಬೇಡಿ. ಬೇಟೆ ಓಡುವುದು ದೂರಕ್ಕೆ. ಸೋಫಾದ ಮರೆಗೆ ಎಳೆಯಿರಿ, ತುಸು ನಿಲ್ಲಿಸಿ, ಮತ್ತೆ ಅಲುಗಿಸಿ. ಮುಗಿದ ಮೇಲೆ ದಾರ ಎತ್ತಿಡಿ. ನುಂಗಿದರೆ ಕರುಳಿಗೇ ಅಪಾಯ.