ಪಬ್ಲಿಷರ್‌ಗೆ ಬರೆಯುವ ಮೇಲ್‌ನಲ್ಲಿ ಲೆಕ್ಕ ಸರಿಯಾಗಿರಲಿ

ಇಬ್ಬರೋ ಮೂವರೋ ಸೇರಿ ಮನೆಯಲ್ಲೇ ಕುಳಿತು ಒಂದು ಮೊಬೈಲ್ ಗೇಮ್ ಮಾಡಿ ಮುಗಿಸಬಹುದು. ಅದನ್ನು ಲಕ್ಷಾಂತರ ಫೋನುಗಳಿಗೆ ತಲುಪಿಸಲು ಮಾತ್ರ ಜಾಹೀರಾತಿಗೆ ಹಣ ಬೇಕು. ಆ ಹಣ ಹಾಕಿ, ಬಂದ ಆದಾಯದಲ್ಲಿ ಪಾಲು ಪಡೆಯುವವರೇ ಗೇಮ್ ಪಬ್ಲಿಷರ್‌ಗಳು. ಅವರಿಗೆ ಬರೆಯುವ ಮೊದಲ ಮೇಲ್‌ನಲ್ಲಿ ಆಟ ಎಷ್ಟು ಚೆನ್ನಾಗಿದೆ ಎಂದು ಹೊಗಳಿಕೊಂಡು ಪ್ರಯೋಜನವಿಲ್ಲ. ಅವರಿಗೆ ತಿಳಿಯಬೇಕಾದದ್ದು ಒಂದೇ: ಒಬ್ಬ ಆಟಗಾರನನ್ನು ಕರೆತರಲು ಆಗುವ ಖರ್ಚು, ಅವನು ಆಡುತ್ತ ಉಳಿಯುವ ದಿನಗಳಲ್ಲಿ ಹುಟ್ಟುತ್ತದೆಯೇ?

ಹಾಗಾಗಿ ಅವರ ಕಣ್ಣು ಮೊದಲು ಹೋಗುವುದು ರಿಟೆನ್ಷನ್ ಕಡೆಗೆ. ಇಂದು ಆಟವನ್ನು ಇಳಿಸಿಕೊಂಡವರಲ್ಲಿ ನೂರಕ್ಕೆ ಎಷ್ಟು ಜನ ಮರುದಿನ ಮತ್ತೆ ತೆರೆದರು, ಏಳನೆಯ ದಿನ ಎಷ್ಟು ಜನ ತೆರೆದರು ಎನ್ನುವ ಲೆಕ್ಕ ಅದು. ಮೇಲ್ ಬರೆಯುವವರು ಹೆಚ್ಚಾಗಿ ಎಡವುವುದೂ ಇಲ್ಲೇ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ರಂಗೋಲಿಯ ಚುಕ್ಕಿಗಳನ್ನು ಬೆರಳೆತ್ತದೆ ಜೋಡಿಸುವ ಒಂದು ಪಜಲ್ ಗೇಮ್, ಹಂತಗಳು 80. ಒಟ್ಟು 700 ಜನ ಅದನ್ನು ಇಳಿಸಿಕೊಂಡಿದ್ದಾರೆ. ಅವರಲ್ಲಿ 100 ಮಂದಿ ಮಾಡಿದವರ ಗೆಳೆಯರು, ನೆಂಟರು. ಉಳಿದ 600 ಮಂದಿ ಜಾಹೀರಾತು ನೋಡಿ ಬಂದ ಅಪರಿಚಿತರು. ಮರುದಿನ ಗೆಳೆಯರಲ್ಲಿ 80 ಜನ, ಅಪರಿಚಿತರಲ್ಲಿ 210 ಜನ ಮರಳಿದರು. ಎಲ್ಲರನ್ನೂ ಕೂಡಿಸಿದರೆ ಶೇ. 41 ಬರುತ್ತದೆ. ಅಪರಿಚಿತರನ್ನಷ್ಟೇ ಎಣಿಸಿದರೆ ಶೇ. 35. ಪಬ್ಲಿಷರ್‌ಗೆ ಬೇಕಾದದ್ದು ಈ ಎರಡನೆಯದೇ. ಅವರು ಹಣ ಕೊಟ್ಟು ಕರೆತರುವುದು ನಿಮ್ಮ ನೆಂಟರನ್ನಲ್ಲ. ಶೇ. 41 ಎಂದು ಬರೆದು, ಅವರ ಸ್ವಂತ ಪರೀಕ್ಷೆಯಲ್ಲಿ ಶೇ. 35 ಬಂದರೆ ನಂಬಿಕೆ ಅಲ್ಲಿಗೇ ಮುಗಿಯಿತು.

ಏಳನೆಯ ದಿನದ ಲೆಕ್ಕದಲ್ಲಿ ತಪ್ಪು ತಿರುಗಿ ನಿಮಗೇ ಪೆಟ್ಟು ಕೊಡಬಹುದು. ಆ 600 ಜನರಲ್ಲಿ 240 ಮಂದಿ ಈ ವಾರವಷ್ಟೇ ಇಳಿಸಿಕೊಂಡವರು. ಅವರ ಏಳನೆಯ ದಿನ ಇನ್ನೂ ಬಂದೇ ಇಲ್ಲ. ಉಳಿದ 360 ಜನರಲ್ಲಿ 36 ಮಂದಿ ಮರಳಿದ್ದರೆ ಅದು ಶೇ. 10. ಅದನ್ನೇ 600ರಿಂದ ಭಾಗಿಸಿದರೆ ಶೇ. 6 ಆಗಿ, ಇರುವ ಆಟಕ್ಕಿಂತ ಕೆಟ್ಟ ಆಟ ಮೇಲ್‌ನಲ್ಲಿ ಕಾಣಿಸುತ್ತದೆ.

ಎಷ್ಟು ಜನರನ್ನು ಎಣಿಸಿದ್ದೀರಿ ಎಂಬುದನ್ನೂ ಬರೆಯಲೇಬೇಕು. 60 ಜನರಲ್ಲಿ ಶೇ. 40 ಮರಳಿದ್ದಾರೆ ಎಂದರೆ ನಿಜವಾದ ಅಂಕಿ 28ರಿಂದ 52ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 600 ಜನರಾದರೆ ಆ ಅಂತರ ಮೇಲಕ್ಕೂ ಕೆಳಕ್ಕೂ ನಾಲ್ಕು ಅಂಶಗಳಷ್ಟಕ್ಕೆ ಇಳಿಯುತ್ತದೆ. ದೇಶವನ್ನೂ ಹೇಳಿ. ಭಾರತದಲ್ಲಿ ಒಬ್ಬ ಆಟಗಾರನನ್ನು ಕರೆತರುವ ಖರ್ಚು ಅಮೆರಿಕಕ್ಕಿಂತ ಬಹಳ ಕಡಿಮೆ. ಅವನಿಗೆ ತೋರಿಸುವ ಜಾಹೀರಾತಿನಿಂದ ಬರುವ ಹಣವೂ ಅಷ್ಟೇ ಕಡಿಮೆ.

ಇಷ್ಟಾದ ಮೇಲೆ ಮೇಲ್ ಬರೆಯುವುದು ಕಷ್ಟವಲ್ಲ. ನಮ್ಮ ರಂಗೋಲಿ ಆಟದ ಮೇಲ್‌ನ ತಿರುಳು ಹೀಗಿರಬಹುದು:

“ಚುಕ್ಕಿಗಳನ್ನು ಬೆರಳೆತ್ತದೆ ಜೋಡಿಸುವ ಆಂಡ್ರಾಯ್ಡ್ ಪಜಲ್ ಗೇಮ್ ಮಾಡಿ ಮುಗಿಸಿದ್ದೇವೆ. 80 ಹಂತಗಳಿವೆ. ಭಾರತದಲ್ಲಿ 9,000 ರೂಪಾಯಿ ಜಾಹೀರಾತಿಗೆ ಹಾಕಿ 600 ಆಟಗಾರರನ್ನು ಪಡೆದೆವು. ತಲೆಗೆ 15 ರೂಪಾಯಿ. ಮರುದಿನ ಶೇ. 35 ಮರಳಿದರು, ಏಳು ದಿನ ತುಂಬಿದ 360 ಜನರಲ್ಲಿ ಶೇ. 10. ಹೆಚ್ಚು ಜನ ಬಿಟ್ಟುಹೋಗುವುದು 12ನೆಯ ಹಂತದಲ್ಲಿ. ಅದನ್ನು ಸುಲಭ ಮಾಡುತ್ತಿದ್ದೇವೆ. ಹಕ್ಕುಗಳೆಲ್ಲ ನಮ್ಮಲ್ಲೇ ಇವೆ. ಬೇರೆ ದೇಶಗಳಲ್ಲಿ ಪರೀಕ್ಷಿಸಲು ನಿಮ್ಮ ಜೊತೆ ಬೇಕು. ಅರ್ಧ ನಿಮಿಷದ ವಿಡಿಯೊ ಮತ್ತು ಆಟದ ಲಿಂಕ್ ಕೆಳಗಿವೆ.”

12ನೆಯ ಹಂತದ ಮಾತನ್ನು ಮುಚ್ಚಿಡಬೇಕು ಎಂದು ಹಲವರಿಗೆ ಅನಿಸುತ್ತದೆ. ನನಗೆ ಇಡೀ ಮೇಲ್‌ನಲ್ಲಿ ಅತಿ ಬೆಲೆಯುಳ್ಳ ಸಾಲು ಅದೇ. ಆಟಗಾರರು ಎಲ್ಲಿ ಕೈಬಿಡುತ್ತಾರೆ ಎಂದು ಗೊತ್ತಿರುವ ತಂಡಕ್ಕೆ ಅಂಕಿಯನ್ನು ಮೇಲೆತ್ತುವ ದಾರಿಯೂ ಗೊತ್ತಿರುತ್ತದೆ. ಬರೀ ಶೇ. 10 ಎಂಬ ಅಂಕಿ ನೋಡಿ ಬೇಡವೆನ್ನುವವರು ಈ ಸಾಲು ಓದಿ, ತಿದ್ದಿದ ಮೇಲೆ ಮತ್ತೆ ಕಳಿಸಿ ಎನ್ನಬಹುದು.

ಆಟದ ಎಪಿಕೆ ಫೈಲನ್ನು ಮೇಲ್‌ಗೆ ಅಂಟಿಸಬೇಡಿ. ಜಿಮೇಲ್ ಅಂಥ ಫೈಲುಗಳನ್ನು ತಡೆಹಿಡಿಯುತ್ತದೆ. ಪ್ಲೇ ಸ್ಟೋರ್‌ನ ಕ್ಲೋಸ್ಡ್ ಟೆಸ್ಟ್ ಲಿಂಕ್ ಕೊಟ್ಟರೆ, ಪರೀಕ್ಷಕರ ಪಟ್ಟಿಯಲ್ಲಿ ಇಲ್ಲದವರಿಗೆ ಅದು ತೆರೆಯುವುದಿಲ್ಲ. ಐಫೋನ್ ಆಟವಾದರೆ ಟೆಸ್ಟ್‌ಫ್ಲೈಟ್‌ಗೆ ಹಾಕಿದ ಪ್ರತಿ ಬಿಲ್ಡ್‌ನ ಆಯುಸ್ಸು 90 ದಿನ. ಮೇಲ್ ತಡವಾಗಿ ಓದಿದವರಿಗೆ ಸಿಗುವುದು ಅವಧಿ ಮುಗಿದ ಆಟ. ಕಳಿಸುವ ಮುನ್ನ ಲಿಂಕನ್ನು ನಿಮ್ಮ ಖಾತೆ ಇಲ್ಲದ ಬೇರೊಬ್ಬರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ.